ಕೃತಜ್ಞತಾ ಪತ್ರದ ಕರಡು ಸರಿಯಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಊರಿನ ಹಳೆಯ ವಿದ್ಯಾರ್ಥಿಗಳ ಸಂಘವು ಕಾಲೇಜು ಸೇರಿದ ಮಕ್ಕಳಿಗೆ ಹಾಸ್ಟೆಲ್, ಮೆಸ್ ಮತ್ತು ಪುಸ್ತಕದ ಖರ್ಚಿಗೆ ದಾನಿಗಳನ್ನು ಹುಡುಕಿಕೊಡುತ್ತದೆ. ಹಣ ಪಡೆದವರು ವರ್ಷಕ್ಕೊಂದು ಪತ್ರವನ್ನು ದಾನಿಗೆ ಬರೆಯಬೇಕು ಎಂಬುದೊಂದೇ ಷರತ್ತು. ಕನ್ನಡ ಅಧ್ಯಾಪಕನಾಗಿದ್ದು ನಿವೃತ್ತನಾದ ತಪ್ಪಿಗೆ ಆ ಕರಡುಗಳೆಲ್ಲ ನನ್ನ ಮೇಜಿಗೆ ಬರುತ್ತವೆ. ಅವುಗಳನ್ನು ಓದುವಾಗ ನಾನು ಏನೇನು ನೋಡುತ್ತೇನೆ ಎಂದು ಮಕ್ಕಳು ಕೇಳುತ್ತಲೇ ಇರುತ್ತಾರೆ. ಅವರ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಕರಡನ್ನು ಕೈಗೆತ್ತಿಕೊಂಡಾಗ ಮೊದಲು ಏನು ನೋಡುತ್ತೀರಿ?

ನಾಲ್ಕು ವಿಷಯ. ಬರೆದದ್ದು ನಿಜವೇ? ಏನು ನಡೆಯಿತು ಎಂಬುದು ಅದರಲ್ಲಿ ಇದೆಯೇ? ಪಡೆದ ಸಹಾಯಕ್ಕೆ ಪತ್ರದ ಅಳತೆ ಒಪ್ಪುತ್ತದೆಯೇ? ಓದುವವರು ಯಾರು ಎಂದು ಬರೆದವರಿಗೆ ನೆನಪಿದೆಯೇ?

ಪಟ್ಟಿ ಇಷ್ಟೇ. ಆದರೆ ಎರಡನೆಯದಕ್ಕೆ ನಾನು ಉಳಿದ ಮೂರಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ. ‘ಕೃತಜ್ಞ’ ಎಂಬ ಪದವನ್ನೇ ಬಿಡಿಸಿ ನೋಡಿ. ‘ಕೃತ’ ಎಂದರೆ ಮಾಡಿದ್ದು, ‘ಜ್ಞ’ ಎಂದರೆ ಅರಿತವನು. ಇನ್ನೊಬ್ಬರು ಮಾಡಿದ್ದನ್ನು ಅರಿತವನೇ ಕೃತಜ್ಞ. ಮನಸ್ಸು ತುಂಬಿ ಬಂದಿರಬೇಕು, ಕಣ್ಣಲ್ಲಿ ನೀರಾಡಬೇಕು ಎಂದು ಆ ಪದ ಎಲ್ಲಿಯೂ ಹೇಳುವುದಿಲ್ಲ. ಏನು ಮಾಡಿದರು ಎಂಬುದನ್ನು ಸರಿಯಾಗಿ ಅರಿತಿದ್ದೀಯಾ ಎಂದಷ್ಟೇ ಕೇಳುತ್ತದೆ. ನನ್ನ ಮೇಜಿಗೆ ಬರುವ ಹತ್ತು ಕರಡುಗಳಲ್ಲಿ ಎಂಟು ಸೋಲುವುದು ಇಲ್ಲಿಯೇ. ಭಾವ ಬೇಕಾದಷ್ಟಿರುತ್ತದೆ, ಅರಿವು ಇರುವುದಿಲ್ಲ.

ನನಗೆ ನಿಜವಾಗಿಯೂ ಕೃತಜ್ಞತೆ ಇದೆ. ಆದರೂ ಬರೆದದ್ದು ನಾಟಕದಂತೆ ಕೇಳುತ್ತದೆ. ಏಕೆ?

ಒಂದು ಕರಡನ್ನೇ ನೋಡೋಣ. ಧಾರವಾಡದಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದ ಹುಡುಗಿಯೊಬ್ಬಳು ತಂದದ್ದು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.

> ಪೂಜ್ಯ ಮಹನೀಯರೇ, ತಮ್ಮ ಪಾದಾರವಿಂದಗಳಿಗೆ ಅನಂತ ಪ್ರಣಾಮಗಳು. ತಾವು ನನಗೆ ನೀಡಿದ ಅಮೂಲ್ಯವಾದ ಸಹಾಯಕ್ಕೆ ಹೃತ್ಪೂರ್ವಕ ಧನ್ಯವಾದಗಳು. ಕಡುಬಡತನದಲ್ಲಿ ಹುಟ್ಟಿದ ನನ್ನಂಥ ನತದೃಷ್ಟಳ ಪಾಲಿಗೆ ತಾವು ದೇವರಂತೆ ಬಂದಿರಿ. ತಮ್ಮ ಸಹಾಯವಿಲ್ಲದಿದ್ದರೆ ನನ್ನ ಬಾಳು ಕತ್ತಲಾಗುತ್ತಿತ್ತು. ಈ ಉಪಕಾರವನ್ನು ಏಳೇಳು ಜನ್ಮಕ್ಕೂ ತೀರಿಸಲಾರೆ. ತಮಗೆ ಸದಾ ಚಿರಋಣಿ. ಮುಂದೆಯೂ ತಮ್ಮ ಸಹಾಯಹಸ್ತ ಹೀಗೆಯೇ ಇರಲಿ ಎಂದು ಪ್ರಾರ್ಥಿಸುತ್ತೇನೆ.

ನಾನು ಪೆನ್ಸಿಲ್ ಹಿಡಿದು ಒಂದೊಂದೇ ವಾಕ್ಯ ತೋರಿಸಿ ‘ಇದು ನಿಜವೇ?’ ಎಂದು ಕೇಳಿದೆ. ಬಾಳು ಕತ್ತಲಾಗುತ್ತಿತ್ತೇ? ಅವಳು ಸ್ವಲ್ಪ ಯೋಚಿಸಿ, ‘ಇಲ್ಲ ಸರ್, ಚಿಕ್ಕಪ್ಪನ ಹತ್ತಿರ ಸಾಲ ಕೇಳುತ್ತಿದ್ದೆವು. ಅವರು ಕೊಡುತ್ತಿದ್ದರು, ಆದರೆ ವರ್ಷವಿಡೀ ಆಡಿ ತೋರಿಸುತ್ತಿದ್ದರು’ ಎಂದಳು. ನೀನು ನತದೃಷ್ಟಳೇ? ನಕ್ಕಳು. ಪಾದಾರವಿಂದ ಎಂದರೇನು? ಗೊತ್ತಿರಲಿಲ್ಲ. ಅಣ್ಣನ ಹಳೆಯ ಪತ್ರದಿಂದ ತೆಗೆದುಕೊಂಡಿದ್ದಳಂತೆ.

ನಿಜವಲ್ಲದ ವಾಕ್ಯಗಳನ್ನು ಹೊಡೆದುಹಾಕುತ್ತ ಬಂದಾಗ ಉಳಿದದ್ದು ‘ಸಹಾಯಕ್ಕೆ ಧನ್ಯವಾದಗಳು’ ಎಂಬ ಎರಡು ಪದ ಮಾತ್ರ. ಹುಡುಗಿಗೆ ಕೃತಜ್ಞತೆ ಇರಲಿಲ್ಲವೆಂದು ಇದರ ಅರ್ಥವಲ್ಲ. ತನ್ನ ಕೃತಜ್ಞತೆಗೆ ಅವಳು ಬೇರೆಯವರ ಮಾತುಗಳ ಉಡುಪು ತೊಡಿಸಿದ್ದಳು, ಅದು ಅವಳ ಮೈಗೆ ಹಿಡಿದಿರಲಿಲ್ಲ. ಚಿಕ್ಕಪ್ಪನ ಸಾಲದ ಹಂಗು ತಪ್ಪಿತು ಎಂಬುದು ಬಾಳು ಕತ್ತಲಾಗುವುದಕ್ಕಿಂತ ಸಣ್ಣ ಮಾತು, ಆದರೆ ಅವಳದೇ ಮಾತು.

ನಿಮ್ಮ ಕರಡಿಗೂ ಇದನ್ನೇ ಮಾಡಿ. ಪ್ರತಿ ವಾಕ್ಯದ ಮುಂದೆ ‘ನಿಜ’ ಅಥವಾ ‘ಅಲ್ಲ’ ಎಂದು ಬರೆಯಿರಿ. ಸುಮಾರಾಗಿ ನಿಜ ಎನಿಸಿದ್ದನ್ನು ‘ಅಲ್ಲ’ಕ್ಕೆ ಸೇರಿಸಿ.

‘ಚಿರಋಣಿ’ ಎಂದು ಬರೆಯಲೇಬಾರದೇ?

ಬರೆಯಬಾರದು ಎಂಬ ಕಾನೂನೇನಿಲ್ಲ. ಒಳ್ಳೆಯ ಪದ, ಅತಿಯಾಗಿ ಬಳಸಿ ಸವೆದಿದೆ ಅಷ್ಟೆ. ಆಮಂತ್ರಣ ಪತ್ರಿಕೆಯ ಕೆಳಗೆ, ಶ್ರದ್ಧಾಂಜಲಿಯ ಜಾಹೀರಾತಿನಲ್ಲಿ, ಗೆದ್ದ ಅಭ್ಯರ್ಥಿಯ ಫ್ಲೆಕ್ಸ್‌ನಲ್ಲಿ ಅದನ್ನೇ ನೋಡಿ ನೋಡಿ ಕಣ್ಣು ಈಗ ಅದರ ಮೇಲೆ ನಿಲ್ಲುವುದಿಲ್ಲ, ಜಾರಿ ಮುಂದೆ ಹೋಗುತ್ತದೆ. ‘ಸದಾ ಚಿರಋಣಿ’ ಎಂದು ಬರೆಯುವವರಂತೂ ಒಂದೇ ಮಾತನ್ನು ಎರಡು ಸಲ ಹೇಳಿ ಎರಡನ್ನೂ ಹಗುರ ಮಾಡುತ್ತಾರೆ.

ಋಣ ಎಂಬುದು ನಮ್ಮಲ್ಲಿ ಭಾರವಾದ ಪದ ಎಂಬುದನ್ನೂ ಮರೆಯಬೇಡಿ. ಅನ್ನದ ಋಣ, ಮಣ್ಣಿನ ಋಣ, ಹೆತ್ತವರ ಋಣ ಎನ್ನುತ್ತೇವೆ. ಎರಡು ವರ್ಷ ಪ್ರತಿ ಭಾನುವಾರ ಮನೆಗೆ ಕರೆದು ಗಣಿತ ಹೇಳಿಕೊಟ್ಟವರಿಗೆ ಆ ಪದ ಒಪ್ಪುತ್ತದೆ. ಇನ್ನೂರು ರೂಪಾಯಿಯ ಕೈಪಿಡಿ ಕೊಡಿಸಿದವರಿಗೆ ಅದನ್ನೇ ಬರೆದರೆ ಅವರಿಗೇ ಮುಜುಗರ.

ಸರಿ, ‘ಏನು ನಡೆಯಿತು ಎಂಬುದು ಇದೆಯೇ’ ಎಂದು ಹೇಗೆ ಪರೀಕ್ಷಿಸುವುದು?

ಸುಲಭದ ಉಪಾಯವೊಂದಿದೆ. ಪತ್ರದ ಮೇಲಿನ ಹೆಸರನ್ನು ಬೆರಳಿನಿಂದ ಮುಚ್ಚಿ, ಅಲ್ಲಿ ಬೇರೆ ದಾನಿಯ ಹೆಸರನ್ನು ಕಲ್ಪಿಸಿಕೊಂಡು ಓದಿ. ಪತ್ರ ಅವರಿಗೂ ಹೊಂದಿದರೆ ಅದು ಯಾರಿಗೂ ಬರೆದ ಪತ್ರವಲ್ಲ. ಮೇಲಿನ ಕರಡನ್ನು ನಮ್ಮ ಸಂಘದ ಯಾವ ದಾನಿಗೆ ಬೇಕಾದರೂ ಕಳುಹಿಸಬಹುದಿತ್ತು. ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೂ ಕಳುಹಿಸಬಹುದಿತ್ತು.

ಆಮೇಲೆ ನಾನು ಆ ಹುಡುಗಿಗೆ ಮೂರು ಪ್ರಶ್ನೆ ಕೇಳಿದೆ. ಅವರು ಮಾಡಿದ್ದೇನು? ಅದರಲ್ಲಿ ಮಾಡಲೇಬೇಕಾಗಿರದೆ ಇದ್ದದ್ದು ಯಾವುದು? ಅದರಿಂದ ಯಾವ ದಿನ, ಯಾವ ಗಳಿಗೆ ಬದಲಾಯಿತು?

ಮೊದಲನೆಯದಕ್ಕೆ ಉತ್ತರ ಸಲೀಸಾಗಿ ಬಂತು: ಒಂದು ಸೆಮಿಸ್ಟರಿನ ಮೆಸ್ ಬಿಲ್ 18,000 ರೂಪಾಯಿ ಕಟ್ಟಿದರು. ಎರಡನೆಯದಕ್ಕೆ ತಡವರಿಸಿದಳು. ಸ್ವಲ್ಪ ಹೊತ್ತಿನ ಮೇಲೆ, ‘ಅವರು ವಾರ್ಡನ್‌ಗೆ ಫೋನ್ ಮಾಡಿದ್ದನ್ನೂ ಬರೆಯಬೇಕೇ ಸರ್? ಅದು ಸಣ್ಣದು’ ಎಂದಳು. ನಡೆದದ್ದು ಇಷ್ಟು. ಜನವರಿಯಲ್ಲಿ ದಾನಿಯ ಹಣ ಬ್ಯಾಂಕಿನಲ್ಲಿ ಯಾವುದೋ ಕಾರಣಕ್ಕೆ ಒಂದು ವಾರ ತಡವಾಯಿತು. ಬಾಕಿ ಇದ್ದವರು ಕೋಣೆ ಖಾಲಿ ಮಾಡಬೇಕು ಎಂಬ ಸೂಚನೆ ಹಾಸ್ಟೆಲ್ ಫಲಕಕ್ಕೆ ಬಂದಿತ್ತು. ಅದೇ ವಾರ ಅವಳಿಗೆ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ಟ್ರಂಕಿಗೆ ಬಟ್ಟೆ ತುಂಬಿ ಬೀಗ ಹಾಕಿ ಕುಳಿತಿದ್ದಳು. ದಾನಿಗೆ ಯಾರಿಂದಲೋ ವಿಷಯ ತಿಳಿದು ಅವರೇ ವಾರ್ಡನ್‌ಗೆ ಫೋನ್ ಮಾಡಿ ಎಂಟು ದಿನದ ಅವಕಾಶ ಕೇಳಿಕೊಂಡರು. ಅವಳು ಟ್ರಂಕಿನ ಬೀಗ ತೆಗೆದಳು.

ಅವಳಿಗೆ ಸಣ್ಣದಾಗಿ ಕಂಡ ಆ ಫೋನ್ ಕರೆಯೇ ಪತ್ರ. ಹದಿನೆಂಟು ಸಾವಿರ ಕೊಡುವೆನೆಂದು ಅವರು ಮೊದಲೇ ಒಪ್ಪಿದ್ದರು, ಕೊಟ್ಟರು. ಫೋನ್ ಮಾಡುವೆನೆಂದು ಯಾರಿಗೂ ಮಾತು ಕೊಟ್ಟಿರಲಿಲ್ಲ. ಪರಿಚಯವಿಲ್ಲದ ವಾರ್ಡನ್‌ಗೆ ಫೋನ್ ಮಾಡಿ ವಿನಂತಿಸಿಕೊಳ್ಳುವುದು ಯಾರಿಗೂ ಹಿತವಾದ ಕೆಲಸವಲ್ಲ. ಅವಳು ತಿರುಗಿ ಬರೆದದ್ದು ಹೀಗಿತ್ತು:

> ಮಾನ್ಯರೇ, ನಮಸ್ಕಾರ.
>
> ಜನವರಿಯಲ್ಲಿ ನೀವು ಕಳುಹಿಸಿದ 18,000 ರೂಪಾಯಿ ಈ ಸೆಮಿಸ್ಟರಿನ ಮೆಸ್ ಬಿಲ್‌ಗೆ ಸಂದಿದೆ. ರಸೀದಿಯ ಪ್ರತಿ ಇದರ ಜೊತೆಗಿದೆ. ನಮ್ಮ ಮನೆಯವರು ಈ ಸಲ ಸಾಲಕ್ಕಾಗಿ ಯಾರ ಮನೆಗೂ ಹೋಗಬೇಕಾಗಲಿಲ್ಲ.
>
> ಹಣ ಬರುವ ಮುಂಚಿನ ವಾರದ ಒಂದು ಸಂಗತಿ ನಿಮಗೆ ತಿಳಿದಿರಲಿಕ್ಕಿಲ್ಲ. ಕೋಣೆ ಬಿಡಬೇಕಾಗುತ್ತದೆ ಎಂದುಕೊಂಡು ನಾನು ಟ್ರಂಕ್ ತುಂಬಿ ಇಟ್ಟಿದ್ದೆ. ಮರುದಿನ ಬೆಳಿಗ್ಗೆ ಪ್ರಾಯೋಗಿಕ ಪರೀಕ್ಷೆ ಇತ್ತು. ಸಂಜೆ ವಾರ್ಡನ್ ಮೇಡಂ ಕರೆದು, ನೀವು ಫೋನ್ ಮಾಡಿ ಎಂಟು ದಿನ ಕೇಳಿದ್ದೀರಿ ಎಂದು ಹೇಳಿದರು. ನಾನು ನಿಮ್ಮನ್ನು ಕೇಳಿರಲಿಲ್ಲ, ಕೇಳಲು ಧೈರ್ಯವೂ ಇರಲಿಲ್ಲ. ಕೇಳದೆಯೇ ನೀವು ಮಾಡಿದಿರಿ. ಆ ರಾತ್ರಿ ಟ್ರಂಕಿನಿಂದ ಪುಸ್ತಕ ಹೊರತೆಗೆದು ಓದಿದೆ. ಪರೀಕ್ಷೆ ಚೆನ್ನಾಗಿ ಆಯಿತು.
>
> ಅಪ್ಪ ನಿಮಗೆ ನಮಸ್ಕಾರ ತಿಳಿಸಿದ್ದಾರೆ.

ಇದರಲ್ಲಿ ‘ಧನ್ಯವಾದ’ ಎಂಬ ಪದವೇ ಇಲ್ಲ ಎಂದು ನಮ್ಮ ಸಂಘದ ಕಾರ್ಯದರ್ಶಿಗಳು ಆಕ್ಷೇಪಿಸಿದರು. ಬೇಕಿದ್ದರೆ ಕೊನೆಯಲ್ಲಿ ಸೇರಿಸಿ ಎಂದೆ. ಸೇರಿಸಿದರು. ಪತ್ರ ಕೆಡಲಿಲ್ಲ, ಸುಧಾರಿಸಲೂ ಇಲ್ಲ.

‘ನಾನು’ ಹೆಚ್ಚು ಬರಬೇಕೋ ‘ನೀವು’ ಹೆಚ್ಚು ಬರಬೇಕೋ?

ಮೊದಲ ಕರಡಿನಲ್ಲಿಯೂ ‘ತಾವು’ ಇದ್ದಾರೆ, ಆದರೆ ಏನೂ ಮಾಡುವುದಿಲ್ಲ, ದೇವರಂತೆ ಬರುತ್ತಾರೆ ಅಷ್ಟೆ. ಆದ್ದರಿಂದ ಸರ್ವನಾಮ ಎಣಿಸಬೇಡಿ, ಕ್ರಿಯಾಪದ ನೋಡಿ. ‘ನೀವು’ ಎಂಬ ಕರ್ತೃಪದಕ್ಕೆ ಕಣ್ಣಿಗೆ ಕಾಣುವ ಕ್ರಿಯೆ ಯಾವುದಾದರೂ ಇದೆಯೇ? ಕಳುಹಿಸಿದಿರಿ, ಫೋನ್ ಮಾಡಿದಿರಿ, ಕೇಳಿದಿರಿ, ಕಾದಿರಿ. ಅಂಥ ಕ್ರಿಯೆ ಒಂದಾದರೂ ಇರಬೇಕು.

ಸಾರಾ ಆಲ್ಗೋ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ಸಂಗಾತಿಗಳ ನಡುವಿನ ಕೃತಜ್ಞತೆಯ ಮಾತುಗಳನ್ನು ಪರಿಶೀಲಿಸಿ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ‘ನನಗೆ ಇಷ್ಟು ಅನುಕೂಲವಾಯಿತು’ ಎಂಬ ಮಾತಿಗಿಂತ ಉಪಕಾರ ಮಾಡಿದವರ ನಡತೆಯನ್ನು ಮೆಚ್ಚಿ ಹೇಳಿದ ಮಾತು ಕೇಳಿದವರ ಮನಸ್ಸಿಗೆ ಹೆಚ್ಚು ತಟ್ಟುತ್ತಿತ್ತು ಎಂಬುದು ಅವರು ಕಂಡದ್ದು. ಸಂಗಾತಿಗಳಿಗೆ ಸಲ್ಲುವ ಮಾತು ದಾನಿಗಳಿಗೂ ಹಾಗೆಯೇ ಸಲ್ಲುತ್ತದೆ ಎಂದು ನಾನು ವಾದಿಸುವುದಿಲ್ಲ. ಆದರೆ ನನ್ನ ಮೇಜಿನ ಅನುಭವ ಅದಕ್ಕೆ ವಿರುದ್ಧವಾಗಿಯೂ ಇಲ್ಲ. ‘ಕೇಳದೆಯೇ ನೀವು ಮಾಡಿದಿರಿ’ ಎಂಬ ಮೂರು ಪದ ಆ ದಾನಿಯ ಸ್ವಭಾವದ ಬಗ್ಗೆ ಹೇಳುವ ಮಾತು. ‘ಪರೀಕ್ಷೆ ಚೆನ್ನಾಗಿ ಆಯಿತು’ ಎಂಬುದು ಅವಳ ಬಗ್ಗೆ ಹೇಳುವ ಮಾತು. ಎರಡೂ ಇರಲಿ. ಮೊದಲನೆಯದು ಬಿಟ್ಟುಹೋದರೆ ಪತ್ರ ಅಂಕಪಟ್ಟಿಯಾಗುತ್ತದೆ.

ನಮ್ಮ ಮನೆಯ ಕಷ್ಟವನ್ನು ಬರೆಯಬೇಕೇ? ಬರೆದರೆ ದಾನಿಗೆ ಸಮಾಧಾನವಾಗುತ್ತದಂತೆ.

ಹೀಗೆಂದು ಹೇಳುವವರನ್ನು ನಾನು ಬಲ್ಲೆ. ಅವರೊಂದಿಗೆ ನನ್ನದು ಹಳೆಯ ಜಗಳ.

ಕಷ್ಟ ಹೇಳಬೇಕಾದ ಜಾಗ ಅರ್ಜಿ. ಅಲ್ಲಿ ಆದಾಯ ಪ್ರಮಾಣಪತ್ರ ಇದೆ, ತಂದೆಯ ಉದ್ಯೋಗದ ಕಾಲಂ ಇದೆ, ದಾನಿಗೆ ಅದೆಲ್ಲ ಗೊತ್ತಿದೆ. ಕೃತಜ್ಞತಾ ಪತ್ರದಲ್ಲಿ ಅದನ್ನೇ ಮತ್ತೆ ಬರೆದರೆ ಓದುವವರಿಗೆ ಇನ್ನೊಂದು ಅರ್ಜಿ ಓದಿದಂತೆ ಆಗುತ್ತದೆ. ಬರೆಯುವ ಮಗುವಿಗಂತೂ ತನ್ನನ್ನು ತಾನೇ ಕೆಳಗಿಳಿಸಿಕೊಂಡ ಕಹಿ ಉಳಿಯುತ್ತದೆ. ‘ನತದೃಷ್ಟ’, ‘ಅನಾಥಪ್ರಾಯ’, ‘ತಿನ್ನಲು ಗತಿಯಿಲ್ಲದ’ ಎಂಬ ಪದಗಳು ಕಂಡಲ್ಲೆಲ್ಲ ನಾನು ಹೊಡೆದುಹಾಕುತ್ತೇನೆ. ಯಾವ ತಂದೆ ಹೊಲ ಗೇಯ್ದು ಮಗಳನ್ನು ಧಾರವಾಡದವರೆಗೆ ಕಳುಹಿಸಿದ್ದಾನೋ ಅವನ ಮನೆಯನ್ನು ಹಾಗೆ ಬಣ್ಣಿಸುವುದು ಅವನಿಗೆ ಮಾಡುವ ಅವಮಾನ.

ಸಹಾಯ ಎಲ್ಲಿ ತಾಗಿತು ಎಂದು ತೋರಿಸಲು ಬೇಕಾಗುವಷ್ಟು ಮಾತ್ರ ಹೇಳಿ. ‘ಸಾಲಕ್ಕಾಗಿ ಯಾರ ಮನೆಗೂ ಹೋಗಬೇಕಾಗಲಿಲ್ಲ’ ಎಂಬಲ್ಲಿ ಹೇಳಬೇಕಾದುದೆಲ್ಲ ಇದೆ.

ಹಣದ ಮೊತ್ತ ಬರೆಯುವುದು ಒರಟಲ್ಲವೇ?

ಬಳುವಳಿ, ಮುಯ್ಯಿ ಬಂದಾಗ ಮೊತ್ತ ಹೇಳುವುದು ಒರಟು. ಒಂದು ಕೆಲಸಕ್ಕೆಂದು ಕೊಟ್ಟ ಹಣಕ್ಕೆ ಲೆಕ್ಕ ಕೊಡುವುದು ಒರಟಲ್ಲ, ಮರ್ಯಾದೆ. ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂದು ಒಂದೇ ವಾಕ್ಯದಲ್ಲಿ ಹೇಳಿ, ರಸೀದಿ ಇಟ್ಟು ಮುಂದೆ ಸಾಗಿ. ಮೊತ್ತ ತಪ್ಪಾಗದಂತೆ ನೋಡಿಕೊಳ್ಳಿ. ಹದಿನೈದು ಸಾವಿರ ಕೊಟ್ಟವರಿಗೆ ‘ನಿಮ್ಮ ಹತ್ತು ಸಾವಿರ’ ಎಂದು ಬರೆದ ಕರಡೊಂದು ಕೊನೆಯ ಗಳಿಗೆಯಲ್ಲಿ ನನ್ನ ಕಣ್ಣಿಗೆ ಬಿದ್ದಿತ್ತು. ಉಳಿದ ಐದು ಸಾವಿರ ಎಲ್ಲಿ ಎಂದು ದಾನಿ ಯಾರನ್ನು ಕೇಳಬೇಕು? ಪಾಪ, ಹುಡುಗ ಎರಡು ಕಂತುಗಳಲ್ಲಿ ಒಂದನ್ನು ಮರೆತಿದ್ದ.

ಎಷ್ಟು ಉದ್ದವಿರಬೇಕು?

ನನಗೆ ಅಂಚೆಯ ಹಳೆಯ ಅಳತೆಗಳೇ ಅನುಕೂಲ. ಒಂದು ಕಾರ್ಡು, ಒಂದು ಇನ್‌ಲ್ಯಾಂಡ್, ಲಕೋಟೆಯೊಳಗಿನ ಒಂದು ಹಾಳೆ.

ಯಾರೋ ಒಂದು ಸಲ ಮಾಡಿದ, ಅವರಿಗೆ ಹೆಚ್ಚು ಶ್ರಮವಾಗದ ಉಪಕಾರಕ್ಕೆ ಕಾರ್ಡಿನಲ್ಲಿ ಹಿಡಿಸುವಷ್ಟು, ಅಂದರೆ ಐದಾರು ವಾಕ್ಯ ಸಾಕು. ಪುಸ್ತಕ ಕೊಡಿಸಿದವರು, ಪ್ರಮಾಣಪತ್ರಕ್ಕೆ ಸಹಿ ಹಾಕಲು ರಜೆಯ ದಿನ ಕಚೇರಿಗೆ ಬಂದವರು ಈ ಸಾಲಿನವರು. ಒಂದು ವರ್ಷದ ನೆರವಿಗೆ ಇನ್‌ಲ್ಯಾಂಡಿನಷ್ಟು. ಮೇಲಿನ ಪತ್ರ ಅದಕ್ಕಿಂತ ಸ್ವಲ್ಪ ಕಡಿಮೆಯೇ ಇದೆ. ಪೂರ್ತಿ ಹಾಳೆ ಬೇಕಾಗುವುದು ಹಲವು ವರ್ಷ ಜೊತೆಗಿದ್ದವರಿಗೆ. ಅಲ್ಲಿಯೂ ಎಲ್ಲ ವರ್ಷಗಳ ವರದಿ ಬೇಡ, ಎರಡು ಸಂಗತಿ ಆರಿಸಿಕೊಂಡು ನಿಧಾನವಾಗಿ ಹೇಳಿ.

ಅಳತೆ ತಪ್ಪಿದಾಗ ಆಗುವ ತೊಂದರೆ ಎರಡು ಬಗೆಯದು. ಚಿಕ್ಕದಾದರೆ ಕೈತೊಳೆದುಕೊಂಡಂತೆ ಕಾಣುತ್ತದೆ. ಎರಡು ವರ್ಷ ಗಣಿತ ಹೇಳಿಕೊಟ್ಟವರಿಗೆ ಮೊಬೈಲ್‌ನಲ್ಲಿ ಕೈಜೋಡಿಸಿದ ಚಿತ್ರವೊಂದನ್ನು ಕಳುಹಿಸಿ ಮುಗಿಸಿದವನನ್ನು ನಾನು ಕಂಡಿದ್ದೇನೆ. ದೊಡ್ಡದಾದರೆ ಅದು ಓದುವವರ ಮೇಲೆ ಹೊರೆಯಾಗುತ್ತದೆ. ಇನ್ನೂರು ರೂಪಾಯಿಯ ಉಪಕಾರಕ್ಕೆ ನಾಲ್ಕು ಪುಟ ಬಂದರೆ, ಇವರಿಗೆ ನನ್ನಿಂದ ಇನ್ನೇನೋ ಬೇಕಿರಬೇಕು ಎಂಬ ಗುಮಾನಿ ಹುಟ್ಟುವುದು ಸಹಜ.

ಉದ್ದವಾಗಿದೆ ಎನಿಸಿದರೆ ಮೊದಲ ಎರಡು ವಾಕ್ಯ ತೆಗೆದು ಓದಿ ನೋಡಿ. ಬಹಳ ಸಲ ಪತ್ರ ಮೂರನೆಯ ವಾಕ್ಯದಲ್ಲಿ ಶುರುವಾಗಿರುತ್ತದೆ.

‘ತಾವು’ ಎನ್ನಬೇಕೋ ‘ನೀವು’ ಎನ್ನಬೇಕೋ? ಪತ್ರದ ಆರಂಭ ಹೇಗೆ?

ಅವರ ಎದುರು ನಿಂತಾಗ ಏನೆನ್ನುತ್ತೀರೋ ಅದನ್ನೇ ಬರೆಯಿರಿ. ಎದುರಿಗೆ ‘ಸರ್’ ಎಂದು ಕರೆಯುವವರಿಗೆ ಪತ್ರದಲ್ಲಿ ‘ಪೂಜ್ಯ ಮಹನೀಯರೇ’ ಎಂದರೆ ಅವರು ಹಿಂದೆ ತಿರುಗಿ ಯಾರು ಬಂದರು ಎಂದು ನೋಡಬೇಕಾಗುತ್ತದೆ. ‘ತಾವು’ ತಪ್ಪಲ್ಲ. ಹಿರಿಯರೊಡನೆ ಹಾಗೆಯೇ ಮಾತನಾಡುವ ಮನೆತನದವರು ಹಾಗೆಯೇ ಬರೆಯಲಿ. ಆದರೆ ಮೊದಲ ಸಾಲಿನಲ್ಲಿ ‘ತಾವು’ ಎಂದು ಶುರುಮಾಡಿ ಐದನೆಯ ಸಾಲಿಗೆ ‘ನೀವು’ ಎಂದು ಜಾರುವ ಕರಡುಗಳು ಬಹಳ. ಮೇಲಿನಿಂದ ಕೆಳಗಿನವರೆಗೆ ಇದೊಂದನ್ನೇ ಹುಡುಕುತ್ತ ಒಮ್ಮೆ ಓದಿ.

ಓದುವವರಿಗೆ ತಕ್ಕಂತೆ ಎಂದರೆ ಭಾಷೆ ಬದಲಿಸುವುದು ಮಾತ್ರವೇ?

ಅಲ್ಲ. ಹಾಸ್ಟೆಲ್ ಅಡುಗೆಯಮ್ಮನಿಗೆ ಪತ್ರ ಬರೆಯಬೇಕೆಂದು ಹುಡುಗನೊಬ್ಬ ಬಂದಿದ್ದ. ಪ್ರಯೋಗಾಲಯ ಮುಗಿಸಿ ಅವನು ತಡವಾಗಿ ಬರುವ ದಿನಗಳಲ್ಲಿ ಆಕೆ ಒಂದು ತಟ್ಟೆಯಲ್ಲಿ ಎರಡು ರೊಟ್ಟಿ, ಪಲ್ಯ ಹಾಕಿ ಮೇಲೊಂದು ತಟ್ಟೆ ಮುಚ್ಚಿ ಒಲೆಯ ಪಕ್ಕ ಇಡುತ್ತಿದ್ದಳು. ಒಂದೂವರೆ ವರ್ಷ. ಕರಡು ನಿಜವಾಗಿತ್ತು, ನಿರ್ದಿಷ್ಟವಾಗಿತ್ತು, ಅಳತೆಯೂ ಸರಿಯಿತ್ತು. ರೊಟ್ಟಿ ತಣ್ಣಗಾಗದಿರಲೆಂದು ತಟ್ಟೆಯನ್ನು ಗೋಡೆಯ ಕಡೆಗೆ ಸರಿಸಿಡುತ್ತಿದ್ದದ್ದನ್ನೂ ಬರೆದಿದ್ದ. ‘ಆಕೆಗೆ ಓದಲು ಬರುತ್ತದೆಯೇ?’ ಎಂದು ಕೇಳಿದೆ. ಬರುವುದಿಲ್ಲ.

ಹಾಗಾದರೆ ಯಾರು ಓದಿ ಹೇಳುತ್ತಾರೆ? ಮೊಮ್ಮಗಳು, ಐದನೆಯ ತರಗತಿ. ಅಲ್ಲಿಗೆ ಪತ್ರದ ಓದುಗರು ಇಬ್ಬರಾದರು. ಮಗು ಓದಬೇಕು, ಅಜ್ಜಿ ಕೇಳಬೇಕು. ಉದ್ದ ವಾಕ್ಯಗಳನ್ನು ಒಡೆದೆವು. ‘ಮಾತೃವಾತ್ಸಲ್ಯ’ ಹೋಯಿತು. ‘ನೀವು’ ಇದ್ದಲ್ಲಿ ‘ಅಮ್ಮಾ’ ಎಂದು ಸೇರಿಸಿದ, ಏಕೆಂದರೆ ಅವನು ಆಕೆಯನ್ನು ಕರೆಯುತ್ತಿದ್ದದ್ದೇ ಹಾಗೆ. ಇನ್ನೊಂದು ಮಾತನ್ನೂ ತೆಗೆದೆವು. ತಡವಾಗಿ ಬಂದವರಿಗೆ ಊಟ ಇಡಬಾರದು ಎಂಬ ನಿಯಮವನ್ನು ಆಕೆ ಮುರಿದಳು ಎಂದು ಅವನು ಮೆಚ್ಚುಗೆಯಿಂದಲೇ ಬರೆದಿದ್ದ. ಕಾಗದ ವಾರ್ಡನ್ ಕೈಗೆ ಸಿಕ್ಕಿದರೆ ಆಕೆಯ ಕೆಲಸಕ್ಕೇ ಕುತ್ತು. ನಿಮ್ಮ ಪತ್ರ ಬೇರೆ ಯಾರ ಕಣ್ಣಿಗೆ ಬೀಳಬಹುದು, ಬಿದ್ದರೆ ಉಪಕಾರ ಮಾಡಿದವರಿಗೆ ತೊಂದರೆಯಾದೀತೇ ಎಂದು ಕೇಳಿಕೊಳ್ಳುವುದೂ ಓದುಗರನ್ನು ಅರಿಯುವುದರ ಭಾಗವೇ.

ಕೊನೆಗೆ ಅವನು ಕಾಗದವನ್ನು ತಾನೇ ತೆಗೆದುಕೊಂಡು ಹೋದ. ಓದಿ ಹೇಳುವಷ್ಟರಲ್ಲಿ ಆಕೆ, ‘ಅದೆಲ್ಲ ಇರಲಿ, ಊಟ ಮಾಡಿ ಬಂದೆಯಾ?’ ಎಂದು ಕೇಳಿದಳಂತೆ.

ದಾನಿ ಅಮೆರಿಕದಲ್ಲಿದ್ದಾರೆ. ಕನ್ನಡದಲ್ಲಿ ಬರೆಯಬಹುದೇ?

ಅವರು ಕನ್ನಡ ಓದುವವರಾದರೆ ಖಂಡಿತ ಬರೆಯಿರಿ. ಓದಲು ಬಾರದೆ ಮಾತು ಮಾತ್ರ ಬಲ್ಲವರಾದರೆ ಪತ್ರವನ್ನು ನೀವೇ ಓದಿ ಧ್ವನಿಮುದ್ರಿಸಿ ಕಳುಹಿಸಬಹುದು, ಒಂದು ನಿಮಿಷ ಮೀರದಂತೆ. ಇಂಗ್ಲಿಷಿನಲ್ಲೇ ಬರೆಯಬೇಕಾದರೆ ನಿಮಗೆ ಬರುವ ಇಂಗ್ಲಿಷಿನಲ್ಲಿ ಬರೆಯಿರಿ. ಎರವಲು ಇಂಗ್ಲಿಷಿಗೂ ಪಾದಾರವಿಂದದ ಗತಿಯೇ.

ಮುಂದಿನ ವರ್ಷದ ನೆರವನ್ನು ಅದೇ ಪತ್ರದಲ್ಲಿ ಕೇಳಬಹುದೇ?

ಬೇಡ. ‘ಮುಂದೆಯೂ ತಮ್ಮ ಸಹಾಯಹಸ್ತ ಹೀಗೆಯೇ ಇರಲಿ’ ಎಂಬ ಒಂದು ಸಾಲು ಬಂದ ಕೂಡಲೇ ಅದರ ಹಿಂದಿನ ಸಾಲುಗಳೆಲ್ಲ ಪೀಠಿಕೆಯಂತೆ ಕಾಣತೊಡಗುತ್ತವೆ. ಕೇಳುವುದು ತಪ್ಪಲ್ಲ, ಬೇರೆ ಕಾಗದದಲ್ಲಿ, ಬೇರೆ ದಿನ, ನೇರವಾಗಿ ಕೇಳಿ.

ನಾನು ಫೇಲಾದೆ. ಯಾವ ಮುಖ ಇಟ್ಟುಕೊಂಡು ಬರೆಯಲಿ?

ಪ್ರತಿ ವರ್ಷ ಒಬ್ಬರಾದರೂ ಇದನ್ನು ಕೇಳುತ್ತಾರೆ, ಇನ್ನಿಬ್ಬರು ಕೇಳದೆಯೇ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗುವುದು ಫೇಲಾಗುವುದಕ್ಕಿಂತ ಕೆಟ್ಟದ್ದು.

ಅವರು ಮಾಡಿದ್ದು ಒಂದು, ನಿಮಗೆ ಬಂದ ಫಲಿತಾಂಶ ಇನ್ನೊಂದು. ಅವರು ಮೆಸ್ ಬಿಲ್ ಕಟ್ಟಿದರು, ನೀವು ಆರು ತಿಂಗಳು ಊಟ ಮಾಡಿ ಓದಿದಿರಿ. ಅದು ನಡೆದದ್ದೇ. ಮೊದಲು ಅದನ್ನು ಹೇಳಿ. ಆಮೇಲೆ ಯಾವ ವಿಷಯದಲ್ಲಿ ಉಳಿಯಿತು, ಮರುಪರೀಕ್ಷೆ ಯಾವಾಗ ಎಂದು ಎರಡು ವಾಕ್ಯದಲ್ಲಿ ತಿಳಿಸಿ. ಕ್ಷಮೆಯನ್ನು ಒಂದು ಸಲ ಕೇಳಿದರೆ ಸಾಕು. ಮೂರು ಸಲ ಕೇಳಿದರೆ ಅವರೇ ನಿಮ್ಮನ್ನು ಸಮಾಧಾನಪಡಿಸಬೇಕಾದ ಪರಿಸ್ಥಿತಿ ಬರುತ್ತದೆ. ‘ನಿಮ್ಮ ನಂಬಿಕೆಗೆ ದ್ರೋಹ ಬಗೆದೆ’ ಎಂದು ಬರೆದವನೊಬ್ಬನಿಗೆ, ದ್ರೋಹ ದೊಡ್ಡವರು ಮಾಡುವ ಕೆಲಸ, ನೀನು ಬರೀ ಭೌತಶಾಸ್ತ್ರದಲ್ಲಿ ಆರು ಅಂಕ ಕಡಿಮೆ ತೆಗೆದಿದ್ದೀಯ ಎಂದೆ.

ಎರಡು ವರ್ಷ ತಡವಾಗಿದೆ. ಈಗ ಬರೆದರೆ ನಗುವುದಿಲ್ಲವೇ?

ನಗುವುದಿಲ್ಲ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜನರಿಂದ ಕೃತಜ್ಞತಾ ಪತ್ರ ಬರೆಸಿ, ಓದುವವರಿಗೆ ಹೇಗೆನಿಸಬಹುದು ಎಂದು ಮೊದಲೇ ಊಹಿಸಲು ಹೇಳಿದರು. ಆಮೇಲೆ ಪತ್ರ ಪಡೆದವರನ್ನೇ ಕೇಳಿದರು. ಪಡೆದವರಿಗಾದ ಸಂತೋಷ ಬರೆದವರ ಊಹೆಗಿಂತ ಹೆಚ್ಚಿತ್ತು, ಮುಜುಗರ ಊಹೆಗಿಂತ ಕಡಿಮೆಯಿತ್ತು. ಬರೆಯುವವರು ಪದಗಳು ಸರಿಯಾಗಿವೆಯೇ ಎಂದು ಚಿಂತಿಸುತ್ತಾರೆ, ಓದುವವರು ಪತ್ರದ ಆತ್ಮೀಯತೆಯನ್ನು ನೋಡುತ್ತಾರೆ ಎಂಬುದು ಅವರ ವಿವರಣೆ.

ತಡವಾದ ಪತ್ರವನ್ನು ಕ್ಷಮಾಪಣೆಯಿಂದ ತುಂಬಬೇಡಿ. ‘ಇದನ್ನು ಎರಡು ವರ್ಷದ ಹಿಂದೆಯೇ ಬರೆಯಬೇಕಿತ್ತು’ ಎಂದು ಹೇಳಿ ವಿಷಯಕ್ಕೆ ಬನ್ನಿ. ತಡವಾದುದಕ್ಕೆ ಒಂದು ಲಾಭವೂ ಇದೆ. ಎರಡು ವರ್ಷ ಕಳೆದರೂ ನೆನಪಿನಲ್ಲಿ ಉಳಿದ ಸಂಗತಿ ಯಾವುದೋ ಅದೇ ಬರೆಯಬೇಕಾದದ್ದು, ಹುಡುಕುವ ಕಷ್ಟವಿಲ್ಲ.

ಮನೆಯವರಿಗೂ ಹೀಗೆ ಬರೆಯಬೇಕೇ?

ಅಕ್ಕ ಚಹಾ ಕೊಟ್ಟಾಗ ‘ಧನ್ಯವಾದಗಳು’ ಎಂದು ಹೇಳಿ ನೋಡಿ. ಏನಾಯಿತು ಇವನಿಗೆ ಎಂದು ಹಣೆ ಮುಟ್ಟಿ ನೋಡುತ್ತಾಳೆ. ನಮ್ಮ ಮನೆಗಳಲ್ಲಿ ಆ ಪದ ದೂರದವರಿಗೆ ಮೀಸಲು. ಹತ್ತಿರದವರಿಗೆ ಹೇಳಿದರೆ ಅವರನ್ನು ಹೊರಗೆ ನಿಲ್ಲಿಸಿದಂತೆ. ಪದ ಬೇಡ, ಆದರೆ ನಡೆದದ್ದನ್ನು ನೆನಪಿಸಬಹುದು. ‘ಆ ವರ್ಷ ನಿನ್ನ ಬಳೆ ಅಡವಿಟ್ಟು ನನ್ನ ಶುಲ್ಕ ಕಟ್ಟಿದ್ದೆಯಲ್ಲ’ ಎಂದರೆ ಅಕ್ಕ, ‘ಸುಮ್ಮನಿರು, ಅದನ್ನೇನು ಹೇಳುತ್ತೀಯ’ ಎನ್ನುತ್ತಾಳೆ. ಅವಳಿಗೆ ಮುಟ್ಟಿತು ಎಂದು ಅರ್ಥ.

ಪರಿಶೀಲಿಸಲು ನನ್ನ ಬಳಿ ನಿಮ್ಮಂಥವರು ಯಾರೂ ಇಲ್ಲ. ಒಬ್ಬನೇ ನೋಡಿಕೊಳ್ಳಬಹುದೇ?

ನೋಡಿಕೊಳ್ಳಬಹುದು, ಆದರೆ ಬರೆದ ದಿನವೇ ಬೇಡ. ಒಂದು ರಾತ್ರಿ ಕಳೆಯಲಿ. ಮರುದಿನ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿ. ಅವರು ಎದುರಿನ ಕುರ್ಚಿಯಲ್ಲಿ ಕುಳಿತಿದ್ದಾರೆ ಎಂದುಕೊಳ್ಳಿ. ಯಾವ ವಾಕ್ಯಕ್ಕೆ ಬಂದಾಗ ಕಣ್ಣು ಕೆಳಗಿಳಿಯುತ್ತದೆಯೋ, ಧ್ವನಿ ಭಾಷಣದ ಧಾಟಿಗೆ ಹೊರಳುತ್ತದೆಯೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಗುರುತು ಬಿದ್ದ ವಾಕ್ಯ ಸುಳ್ಳಾಗಿರುತ್ತದೆ, ಇಲ್ಲವೇ ನಿಮ್ಮದಾಗಿರುವುದಿಲ್ಲ. ಅದನ್ನು ತೆಗೆದು ಮತ್ತೆ ಓದಿ. ಆಮೇಲೆ ಹೆಸರು, ಮೊತ್ತ ಮತ್ತು ತಿಂಗಳನ್ನು ರಸೀದಿಯ ಜೊತೆ ತಾಳೆ ನೋಡಿ, ಲಕೋಟೆ ಅಂಟಿಸಿ.